ಡಿಸ್ಕ್ ಇಲ್ಲ, ಜಾಗ ಕಮ್ಮಿ, ನೆಟ್ ನಿಧಾನ: ಸೀರೀಸ್ ಎಸ್ ತಗೊಳ್ಳಬಹುದಾ?

ಶಿರಸಿಯಿಂದ ಅಕ್ಕನ ಮಗ ಫೋನ್ ಮಾಡಿದ್ದ. "ಮಾಮ, ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗ್ತಿದೆ, ತಗೊಳ್ಳಲಾ?" 2020ರಲ್ಲಿ ಬಂದ, 512 ಜಿಬಿಯ ಬಿಳಿ ಡಬ್ಬ ಅದು. ಡಿಸ್ಕ್ ಹಾಕುವ ಜಾಗವೇ ಇಲ್ಲ, ಹೊರಗಿಂದ ಡಿಸ್ಕ್ ಡ್ರೈವ್ ಜೋಡಿಸಿದರೂ ಗೇಮ್ ಓಡುವುದಿಲ್ಲ. ಎಲ್ಲವನ್ನೂ ಡೌನ್‌ಲೋಡ್ ಮಾಡಿಯೇ ಆಡಬೇಕು. ದುಡ್ಡು ಕೊಡುವ ಮುಂಚೆ ಮನೆಯ ನೆಟ್ ಸ್ಪೀಡ್ ನೋಡು ಅಂದೆ.

ಮೊದಲು ಗಂಟೆಗಳ ಲೆಕ್ಕ

ಕನ್ಸೋಲ್ ಇಡುವ ಜಾಗದಲ್ಲೇ ನಿಂತು, ರಾತ್ರಿ ಒಂಬತ್ತಕ್ಕೆ ಒಮ್ಮೆ, ಬೆಳಗಿನ ಜಾವ ಒಮ್ಮೆ ಫೋನಿನಲ್ಲಿ ಸ್ಪೀಡ್ ಟೆಸ್ಟ್ ಮಾಡಿ. ಅವನಿಗೆ ಬಂದದ್ದು 10 ಎಂಬಿಪಿಎಸ್. ಇಲ್ಲೇ ಬಹಳ ಜನ ಎಡವುವುದು. ಎಂಬಿಪಿಎಸ್ ಎಂದರೆ ಮೆಗಾಬಿಟ್, ಗೇಮಿನ ಗಾತ್ರ ಹೇಳುವುದು ಬೈಟ್‌ನಲ್ಲಿ. ಎಂಟರಿಂದ ಭಾಗಿಸಬೇಕು. ಅಂದರೆ ಸೆಕೆಂಡಿಗೆ ಸಿಗುವುದು ಒಂದೂಕಾಲು ಎಂಬಿ ಅಷ್ಟೇ. ಈಗಿನ ದೊಡ್ಡ ಗೇಮುಗಳಲ್ಲಿ 100 ಜಿಬಿ ಅಪರೂಪವಲ್ಲ. ಅಂಥದ್ದು ಇಳಿಯಲು ಒಂದೇ ಸಮ ಸ್ಪೀಡ್ ಸಿಕ್ಕರೂ 22 ಗಂಟೆ ಬೇಕು. ಮಲೆನಾಡಿನ ಮಳೆ, ಕರೆಂಟು ಎಲ್ಲ ಸೇರಿಸಿದರೆ ಎರಡು ದಿನ ಅಂದುಕೊಳ್ಳಿ.

ಪ್ಲಾನಿನಲ್ಲಿ ಇಷ್ಟು ಜಿಬಿ ದಾಟಿದರೆ ಸ್ಪೀಡ್ ಇಳಿಯುತ್ತದಾ ಎಂದೂ ಕೇಳಿಕೊಳ್ಳಿ. ದಿನಕ್ಕೆ 2 ಜಿಬಿಯ ಮೊಬೈಲ್ ಹಾಟ್‌ಸ್ಪಾಟ್ ಒಂದೇ ಗತಿಯಾದರೆ ಲೇಖನವನ್ನು ಇಲ್ಲಿಗೇ ಬಿಡಬಹುದು. ಒಂದು ಗೇಮಿಗೆ 50 ದಿನ! ಈ ಕನ್ಸೋಲ್ ನಿಮಗಲ್ಲ.

ಆಮೇಲೆ ಜಾಗದ ಲೆಕ್ಕ

512 ಜಿಬಿಯಲ್ಲಿ ಗೇಮುಗಳಿಗೆ ಸಿಗುವುದು ಸುಮಾರು 364 ಜಿಬಿ. ದೊಡ್ಡವು ಮೂರು, ಜೊತೆಗೆ ಸಣ್ಣಪುಟ್ಟವು ಕೆಲವು. ನಾಲ್ಕನೆಯದು ಬೇಕೆಂದರೆ ಒಂದನ್ನು ಅಳಿಸಬೇಕು. ನೆಟ್ ಜೋರಾಗಿರುವವರಿಗೆ ಇದು ವಿಷಯವೇ ಅಲ್ಲ, ಬೇಕಾದಾಗ ಮತ್ತೆ ಇಳಿಸಿಕೊಳ್ಳುತ್ತಾರೆ. ನಮಗೆ ಪ್ರತಿ ಸಲ ಅಳಿಸುವುದೂ ಇನ್ನೊಂದು 22 ಗಂಟೆಯ ಸಾಲ. ನಿಧಾನದ ನೆಟ್ ಒಂದೇ ಇದ್ದರೆ, ಅಥವಾ ಸಣ್ಣ ಜಾಗ ಒಂದೇ ಇದ್ದರೆ ಸುಧಾರಿಸಬಹುದು. ಎರಡೂ ಸೇರಿದಾಗಲೇ ಕಷ್ಟ.

ಒಂದು ಅಟ್ಟ ಕಟ್ಟಿಕೊಳ್ಳಿ

ಮಳೆಗಾಲದ ಸೌದೆಯನ್ನು ಅಟ್ಟಕ್ಕೆ ಹಾಕಿದ ಹಾಗೆ, ಆಡದ ಗೇಮನ್ನು ಅಳಿಸದೆ ಯುಎಸ್‌ಬಿ 3.0 ಹಾರ್ಡ್ ಡಿಸ್ಕಿಗೆ ಹಾಕಿಡಿ. ಸಾಮಾನ್ಯ ಪೋರ್ಟಬಲ್ ಡಿಸ್ಕ್ ಸಾಕು. ಕನ್ಸೋಲಿಗೆ ಚುಚ್ಚಿದಾಗ ಅದು ಫಾರ್ಮ್ಯಾಟ್ ಮಾಡಲಾ ಎಂದು ಕೇಳುತ್ತದೆ. ಒಪ್ಪಿದರೆ ಒಳಗಿದ್ದ ಮದುವೆ ಫೋಟೋ ಎಲ್ಲ ಹೋಗುತ್ತದೆ, ಹುಷಾರು.

ಸೀರೀಸ್ ಎಸ್‌ಗೆಂದೇ ಮಾಡಿದ ಹೊಸ ಗೇಮುಗಳು ಈ ಡಿಸ್ಕಿನಿಂದ ನೇರವಾಗಿ ಓಡುವುದಿಲ್ಲ, ಬರೀ ಕೂತಿರುತ್ತವೆ. ಎಕ್ಸ್‌ಬಾಕ್ಸ್ ಒನ್ ಮತ್ತು ಅದಕ್ಕೂ ಹಳೆಯ ಎಕ್ಸ್‌ಬಾಕ್ಸ್‌ಗಳ ಗೇಮುಗಳು ಮಾತ್ರ ಓಡುತ್ತವೆ. ಹೊಸದನ್ನು ಆಡಬೇಕಾದಾಗ ಒಳಗಿನ ಜಾಗಕ್ಕೆ ತಂದುಕೊಳ್ಳಬೇಕು. ಸೆಕೆಂಡಿಗೆ 100 ಎಂಬಿ ಓದುವ ಡಿಸ್ಕಾದರೆ 100 ಜಿಬಿಗೆ ಸುಮಾರು 17 ನಿಮಿಷ. ಚಹಾ ಕುಡಿದು ಬರುವಷ್ಟರಲ್ಲಿ ಆಯಿತು. ನೇರವಾಗಿ ಓಡಿಸುವ ವಿಶೇಷ ಎಕ್ಸ್‌ಪಾನ್ಶನ್ ಕಾರ್ಡೂ ಇದೆ, ಆದರೆ ದುಬಾರಿ. ಆ ದುಡ್ಡಿದ್ದರೆ 1 ಟಿಬಿಯ ಕಪ್ಪು ಸೀರೀಸ್ ಎಸ್ ಕಡೆ ನೋಡುವುದೇ ಮೇಲು.

ರಾತ್ರಿಯಿಡೀ ಇಳಿಯಲಿ

ಪವರ್ ಸೆಟ್ಟಿಂಗ್ಸ್‌ನಲ್ಲಿ Sleep ಇಟ್ಟುಕೊಳ್ಳಿ. ಮಲಗುವ ಮುಂಚೆ ಗೇಮನ್ನು ಪೂರ್ತಿ ಕ್ವಿಟ್ ಮಾಡಿ, ಯಾಕೆಂದರೆ ಹಿನ್ನೆಲೆಯಲ್ಲಿ ಗೇಮ್ ತೆರೆದಿದ್ದರೆ ಡೌನ್‌ಲೋಡ್ ತೆವಳುತ್ತದೆ. ಕೊಂಡ ಮೇಲೆ "ನೆಟ್ ಹೋಯ್ತು" ಎಂದು ಅಕ್ಕನ ಮಗ ಒಂದು ವಾರ ಬೈದದ್ದು ಇದಕ್ಕೇ! ಕರೆಂಟು ಹೋದರೂ ಸಾಮಾನ್ಯವಾಗಿ ನಿಂತಲ್ಲಿಂದಲೇ ಮುಂದುವರಿಯುತ್ತದೆ.

ಹಾಗಾದರೆ ಡಿಸ್ಕ್ ಇರುವ ಕನ್ಸೋಲೇ ವಾಸಿ ಅಲ್ವಾ? ಹಳೆ ಡಿಸ್ಕ್ ಕೊಂಡು ಮಾರುವ ಅಭ್ಯಾಸವಿದ್ದರೆ ಹೌದು. ಆದರೆ ಡಿಸ್ಕಿನಲ್ಲಿ ಇಡೀ ಗೇಮ್ ಇರುತ್ತದೆಂಬ ಖಾತ್ರಿ ಇಲ್ಲ. 2022ರ ಕಾಲ್ ಆಫ್ ಡ್ಯೂಟಿ: ಮಾಡರ್ನ್ ವಾರ್‌ಫೇರ್ 2ರ ಪಿಎಸ್5 ಡಿಸ್ಕಿನಲ್ಲಿ ಇದ್ದದ್ದು ಸುಮಾರು 70 ಎಂಬಿ. ಉಳಿದದ್ದೆಲ್ಲ ಡೌನ್‌ಲೋಡೇ. ಇಂಥ ಆನ್‌ಲೈನ್ ಗೇಮುಗಳನ್ನೇ ಆಡುವವರಿಗೆ ಯಾವ ಕನ್ಸೋಲಾದರೂ ನಿಧಾನದ ನೆಟ್ ಸಾಲದು. ಅಪ್ಡೇಟ್ ಬಂದಾಗಲೆಲ್ಲ ಕಾಯಬೇಕು.

ಅಕ್ಕನ ಮಗ ಆಡುವುದು ಎರಡು ಕಾರ್ ರೇಸು, ಒಂದು ಕಥೆಯ ಗೇಮು. ತಗೋ ಅಂದೆ. ಅವನಿಗೆ ನಾನು ಹೇಳಿಕೊಟ್ಟ ಕೊನೆಯ ಉಪಾಯ ಇದು: ಆ ಅಟ್ಟದ ಡಿಸ್ಕನ್ನು ಬೇರೆ ಎಕ್ಸ್‌ಬಾಕ್ಸ್ ಸೀರೀಸ್ ಕನ್ಸೋಲಿಗೆ ಚುಚ್ಚಿದರೂ ಓದುತ್ತದೆ. ಕಳೆದ ತಿಂಗಳು ಹೊಸ ಗೇಮ್ ಕೊಂಡ ಮೇಲೆ ಡಿಸ್ಕನ್ನು ಟವೆಲ್ಲಿನಲ್ಲಿ ಸುತ್ತಿ ಹುಬ್ಬಳ್ಳಿ ಬಸ್ ಹತ್ತಿದ. ಫೈಬರ್ ಇರುವ ಗೆಳೆಯನ ಕನ್ಸೋಲಿನಲ್ಲಿ ಅದೇ ಗೇಮ್ ಇತ್ತು, ಕಾಪಿ ಮಾಡಿಕೊಂಡು ಸಂಜೆಗೆ ವಾಪಸ್. ಗೇಮ್ ಅವನ ಅಕೌಂಟಿನಲ್ಲೇ ಕೊಂಡಿದ್ದರಿಂದ ತೆರೆಯಿತು. ಮನೆಯ ನೆಟ್ಟಿನಲ್ಲಿ ಇಳಿಸಬೇಕಾಗಿದ್ದು ಒಂದು 6 ಜಿಬಿ ಅಪ್ಡೇಟ್ ಮಾತ್ರ. ಊಟ ಮುಗಿಸಿ, ಅಕ್ಕನ ಬೈಗುಳ ಕೇಳಿ ಮುಗಿಸುವಷ್ಟರಲ್ಲಿ ಅದೂ ಇಳಿದಿತ್ತು.