ಮನೆಗೆ ಮಗು ಯಾವಾಗ ಬರಬೇಕು? ‘ಅಗ್ರಿಕೋಲ’ ಆಡುವವರ ಲೆಕ್ಕ

ಬೋರ್ಡ್ ಗೇಮ್ ಆಡುವವರ ಬಾಯಲ್ಲಿ ಎರಡು ಮಾತು ಪದೇಪದೇ ಬರುತ್ತವೆ: ಎಂಜಿನ್ ಮತ್ತು ಟೆಂಪೊ. ಸಾಮಾನು ಸಾಗಿಸುವ ಟೆಂಪೊ ಅಲ್ಲ! ಇಲ್ಲಿ ಅದು ಸರದಿಯ ಲೆಕ್ಕ. ಯಾವ ಕೆಲಸವನ್ನು ಯಾವ ಸುತ್ತಿಗೆ ಮುಗಿಸಿದಿರಿ ಅನ್ನುವುದು. ಎಂಜಿನ್ ಅಂದರೆ ಇವತ್ತು ಖರ್ಚು ಮಾಡಿ, ಮುಂದಿನ ಪ್ರತಿ ಸುತ್ತಿನಲ್ಲೂ ಲಾಭ ಕೊಡುವಂತೆ ಮಾಡಿಕೊಳ್ಳುವ ಏರ್ಪಾಡು.

ಜರ್ಮನಿಯ ಊವೆ ರೋಸೆನ್‌ಬರ್ಗ್ 2007ರಲ್ಲಿ ತಂದ ‘ಅಗ್ರಿಕೋಲ’ ಒಕ್ಕಲುತನದ ಆಟ. ಒಟ್ಟು 14 ಸುತ್ತು. ಶುರುವಿನಲ್ಲಿ ನಿಮ್ಮ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ, ಅಂದರೆ ಸುತ್ತಿಗೆ ಎರಡೇ ಕೆಲಸ. ಒಬ್ಬೊಬ್ಬರಿಗೂ ಒಂದೊಂದು ಕಾಯಿ; ನೀವು ಅದನ್ನು ಇಟ್ಟ ಕೆಲಸದ ಜಾಗಕ್ಕೆ ಆ ಸುತ್ತಿನಲ್ಲಿ ಬೇರೆ ಯಾರೂ ಬರುವಂತಿಲ್ಲ. ಮೂರನೆಯ ಕಾಯಿ ಬೇಕೆಂದರೆ ಮಗು ಆಗಬೇಕು. ಅದೇ ಇಲ್ಲಿನ ದೊಡ್ಡ ಎಂಜಿನ್.

ಇಬ್ಬರೇ ಆಡುತ್ತಿದ್ದೀರಿ ಅಂದುಕೊಳ್ಳಿ. ಮಗುವಿಗೆ ಖಾಲಿ ಕೋಣೆ ಬೇಕು, ಹಾಗಾಗಿ ಮೊದಲು ಒಂದು ಕೋಣೆ ಕಟ್ಟಿ. ಅದಕ್ಕೆ 5 ಮರ, 2 ಜೊಂಡು ಬೇಕು. ಮರದ ಜಾಗಕ್ಕೆ ಸುತ್ತಿಗೆ 3 ಬಂದು ಬೀಳುತ್ತದೆ, ಜೊಂಡು 1. ಮರಕ್ಕೆ ಎರಡು ಸಲ ಹೋಗಿ. ಜೊಂಡನ್ನು ಎರಡು ಸುತ್ತು ಹಾಗೇ ಬಿಟ್ಟು ಒಂದೇ ಸಲ ಎತ್ತಿಕೊಳ್ಳಿ. ಎದುರಾಳಿ ಮೊದಲೇ ಎತ್ತಿದರೆ ಇನ್ನೊಂದು ಕೆಲಸ ಜಾಸ್ತಿ. ಕಟ್ಟುವುದಕ್ಕೆ ಒಂದು, ಮಗುವಿಗೆ ಒಂದು. ಒಟ್ಟು 5 ಕೆಲಸ ಖರ್ಚು.

ಮಗುವಿನ ಜಾಗ ಕೊಡುವ ಕಾರ್ಡ್ 5ರಿಂದ 7ರೊಳಗೆ ಯಾವುದೋ ಒಂದು ಸುತ್ತಿನಲ್ಲಿ ತೆರೆದುಕೊಳ್ಳುತ್ತದೆ. 5ರಲ್ಲೇ ಸಿಕ್ಕಿತು ಅನ್ನಿ. ಮಗು ಹುಟ್ಟಿದ ಸುತ್ತಿನಲ್ಲಿ ದುಡಿಯುವುದಿಲ್ಲ, ಆರರಿಂದ ಹದಿನಾಲ್ಕರವರೆಗೆ 9 ಕೆಲಸ ಮಾಡುತ್ತದೆ. ಖರ್ಚು ಕಳೆದರೆ 4 ಉಳಿತಾಯ. ಅದೇ ಮಗು 10ನೇ ಸುತ್ತಿನಲ್ಲಿ ಬಂದರೆ? ದುಡಿಯುವುದು 4 ಸಲ ಮಾತ್ರ, ಕೈಯಿಂದಲೇ ಒಂದು ಹೋಯಿತು. ಕೊನೆಗೆ ತಲೆಗೆ ಸಿಗುವ 3 ಅಂಕವಷ್ಟೇ ಸಮಾಧಾನ.

ಹಾಗಂತ ಸುಮ್ನೆ ಓಡಬೇಡಿ. 4, 7, 9, 11, 13, 14ನೇ ಸುತ್ತು ಮುಗಿದಾಗ ಸುಗ್ಗಿ. ಆಗ ದೊಡ್ಡವರಿಗೆ ತಲೆಗೆ 2 ಊಟ ಕೊಡಬೇಕು. ಐದರಲ್ಲಿ ಹುಟ್ಟಿದ ಮಗು ಏಳರ ಹೊತ್ತಿಗೆ ದೊಡ್ಡವರ ಲೆಕ್ಕಕ್ಕೇ ಸೇರಿ, ಉಳಿದ ಐದು ಸುಗ್ಗಿಗೆ 10 ಊಟ ಉಣ್ಣುತ್ತದೆ. ಒಂದು ಊಟ ಕಡಿಮೆಯಾದರೂ ಭಿಕ್ಷೆ ಕಾರ್ಡ್, 3 ಅಂಕ ಕಡಿತ. ಮಗು ತಂದ ಅಂಕ ಅಲ್ಲಿಗೇ ಸರಿಹೋಯಿತು, ಅಲ್ವಾ? ಹೊಸಬರು ಎಡವುವುದು ಇಲ್ಲೇ: ಕೋಣೆ ಸಿದ್ಧ, ಒಲೆಯೂ ಇಲ್ಲ, ಹೊಲವೂ ಇಲ್ಲ. ಆರನೇ ಸುತ್ತಿನಲ್ಲಿ ಕೂತು ಊಟ ಎಣಿಸಿ ನೋಡಿ. ಏಳರ ಸುಗ್ಗಿಗೆ 6 ಆಗದಿದ್ದರೆ ಹೊಸ ಕಾಯಿಯನ್ನು ಮೀನು ಹಿಡಿಯಲು ಕಳಿಸುವುದೇ ಲೇಸು.

ಇನ್ನು ಮೊದಲ ಆಟಗಾರನ ಜಾಗ. ಅದನ್ನು ಹಿಡಿಯಲು ಒಂದು ಕೆಲಸ ಹೋಗುತ್ತದೆ, ಆದರೆ ಮುಂದಿನ ಸುತ್ತಿನಲ್ಲಿ ಮಗುವಿನ ಕಾರ್ಡ್ ಬಂದರೆ ಅದು ನಿಮ್ಮದೇ. ಹಿಡಿಯುವ ಮುಂಚೆ ಎದುರಾಳಿಯ ಮನೆ ನೋಡಿ. ಅವರ ಹತ್ತಿರ ಖಾಲಿ ಕೋಣೆ ಇಲ್ಲದಿದ್ದರೆ ಮಗುವಿನ ಜಾಗಕ್ಕೆ ಅವರು ಬರಲಾರರು. ಆಗ ಆ ಕೆಲಸವನ್ನು ಮೊದಲ ಸರದಿಗೆ ಸುರಿಯದೆ ಜೊಂಡು ತಂದುಕೊಳ್ಳಿ.