ಸಾಕ್ಷಿ ಹೇಳೋಕೆ ರಜೆ: ಸಮನ್ಸ್ ಪ್ರತಿ ಕಳಿಸಿದ ಮೇಲೆ ಸಿಕ್ಕಿತು

ಅಪಘಾತದ ಕೇಸೊಂದರಲ್ಲಿ ಸಾಕ್ಷಿ ಹೇಳಲು ನನಗೆ ಸಮನ್ಸ್ ಬಂತು. 'ಕೋರ್ಟ್ ಕೆಲಸ ಇದೆ' ಅಂತ ರಜೆ ಕೇಳಿದರೆ ಮ್ಯಾನೇಜರ್ ಒಪ್ಪಲಿಲ್ಲ. ನನ್ನದೇ ಏನೋ ವ್ಯಾಜ್ಯ ಅಂದುಕೊಂಡಿದ್ದರು. ಆಮೇಲೆ ಎಚ್‌ಆರ್‌ಗೆ ಸಮನ್ಸ್ ಪ್ರತಿ ಲಗತ್ತಿಸಿ ಮೇಲ್ ಹಾಕಿದೆ: "ಈ ಪ್ರಕರಣದಲ್ಲಿ ನಾನು ಪಕ್ಷಗಾರನಲ್ಲ, ಸಾಕ್ಷಿ. ಬೆಳಿಗ್ಗೆ 11ಕ್ಕೆ ಹಾಜರಾಗಬೇಕು. ವಿಚಾರಣೆ ಮುಂದೂಡಿದರೆ ಇನ್ನೊಂದು ದಿನವೂ ಬೇಕಾಗಬಹುದು. ಹಾಜರಾತಿ ಪತ್ರ ತಂದುಕೊಡುತ್ತೇನೆ." ಸಂಜೆಯೊಳಗೆ ಒಪ್ಪಿಗೆ ಬಂತು.

ಮುಂದೂಡಿಕೆಯ ಸಾಲು ಮಾತ್ರ ಬಿಡಬೇಡಿ. ಆರೋಪಿ ಪರ ವಕೀಲರು ಸಮಯ ಕೇಳಿದ್ದರಿಂದ ನಾನೂ ಒಮ್ಮೆ ಸುಮ್ಮನೆ ವಾಪಸ್ ಬಂದೆ. ಸಾಕ್ಷಿ ನುಡಿದು ಹೊರಡುವ ಮುನ್ನ ಬೆಂಚ್ ಕ್ಲರ್ಕ್ ಹತ್ತಿರ ಹಾಜರಾತಿ ಪತ್ರ ಕೇಳಿದೆ, ಕೇಳದಿದ್ದರೆ ಸಿಗುತ್ತಿರಲಿಲ್ಲ. ಸಂಬಳದ ವಿಷಯ ಕಂಪನಿ ನಿಯಮಕ್ಕೆ ಬಿಟ್ಟದ್ದು. ನನಗೆ ಸಾಂದರ್ಭಿಕ ರಜೆಯಲ್ಲೇ ಕಳೆದರು.