ಕಾದಂಬರಿಯ ಸಂಭಾಷಣೆಗೆ ಊರಿನ ಕನ್ನಡವನ್ನು ತರುವುದು ಹೇಗೆ?

‘ಮಳೆ ಬರ್ತಾ ಐತ್ರಿ’ ಎಂದು ಧಾರವಾಡ ಸೀಮೆಯ ಪಾತ್ರವೊಂದು ಹೇಳಿದರೆ ಆ ಕಡೆಯ ಓದುಗರು ಅಲ್ಲಿಯೇ ಪುಸ್ತಕ ಮುಚ್ಚುತ್ತಾರೆ. ‘ಬರ್ತಾ’ ಎಂಬುದು ದಕ್ಷಿಣದ ರೂಪ, ‘ಐತಿ’ ಉತ್ತರದ್ದು. ಬೆಂಗಳೂರಿನ ವಾಕ್ಯಕ್ಕೆ ಧಾರವಾಡದ ಬಾಲ ಅಂಟಿಸಿದಂತೆ ಕಾಣುತ್ತದೆ. ಧಾರವಾಡದ ಹಳ್ಳಿಯವರು ‘ಮಳಿ ಬರಾಕತ್ತೈತ್ರಿ’ ಎನ್ನುತ್ತಾರೆ.

ಆದ್ದರಿಂದ ಮೊದಲು ಪಾತ್ರದ ಊರನ್ನು ಖಚಿತಪಡಿಸಿಕೊಳ್ಳಿ. ‘ಉತ್ತರ ಕರ್ನಾಟಕದ ಭಾಷೆ’ ಎಂಬ ಒಂದೇ ಭಾಷೆ ಇಲ್ಲ. ಧಾರವಾಡದಲ್ಲಿಯೇ ಒಂದು ಮನೆಯಲ್ಲಿ ‘ಐತಿ’, ಇನ್ನೊಂದು ಮನೆಯಲ್ಲಿ ‘ಅದ’ ಕೇಳಿಸುತ್ತದೆ. ಕಲಬುರಗಿಗೆ ಹೋದರೆ ‘ಅದ’ ಎನ್ನುವವರೇ ಹೆಚ್ಚು. ಊರು, ಜಾತಿ, ವಯಸ್ಸು, ಓದು ಎಲ್ಲವೂ ಮಾತಿನಲ್ಲಿ ಇರುತ್ತವೆ. ಆ ಊರಿನ ಇಬ್ಬರು ಮೂವರ ಮಾತನ್ನು, ಅವರ ಒಪ್ಪಿಗೆ ಪಡೆದು, ಮೊಬೈಲಿನಲ್ಲಿ ದಾಖಲಿಸಿಕೊಳ್ಳಿ. ಬಿಡಿ ಪದಗಳಿಗಿಂತ ವಾಕ್ಯ ಹೇಗೆ ಮುಗಿಯುತ್ತದೆ ಎಂಬುದನ್ನು ಗಮನಿಸಿ.

ಮುಂದಿನದು ಆಯ್ಕೆಯ ಕೆಲಸ. ಕೇಳಿದ್ದನ್ನೆಲ್ಲ ಬರೆಯಬಾರದು. ಒಂದು ಉದಾಹರಣೆ ನೋಡೋಣ. ತಾಯಿ ಮಗನನ್ನು ಅಂಗಡಿಗೆ ಕಳಿಸುತ್ತಿದ್ದಾಳೆ. ಕಿವಿಗೆ ಬಿದ್ದದ್ದನ್ನು ಹಾಗೆಯೇ ಇಳಿಸಿದರೆ ಹೀಗಾಗುತ್ತದೆ:

‘ತಮ್ಮಾ, ಮನ್ಯಾಗೆಣ್ಣಿಲ್ಲ, ಅಂಗ್ಡಿಗ್ಹೋಗಿ ತಗೊಂಬಾ. ಮಳಿ ಬರಾಕತ್ತೈತಿ, ಕೊಪ್ಪಿ ಹಾಕ್ಕೊಂಡ್ಹೋಗು.’

ಒತ್ತಕ್ಷರಗಳ ನಡುವೆ ಓದುಗ ಸಿಕ್ಕಿಬೀಳುತ್ತಾನೆ. ‘ಎಣ್ಣಿಲ್ಲ’ ಎಂದರೆ ಏನು ಎಂದು ಎರಡು ಸಲ ಓದಬೇಕಾಗುತ್ತದೆ. ಇದನ್ನು ಹೀಗೆ ಬಿಡಿಸಬಹುದು:

‘ತಮ್ಮಾ, ಮನ್ಯಾಗ ಎಣ್ಣಿ ಇಲ್ಲ, ಅಂಗಡಿಗೆ ಹೋಗಿ ತಗೊಂಡು ಬಾ. ಮಳಿ ಬರಾಕತ್ತೈತಿ, ಕೊಪ್ಪಿ ಹಾಕ್ಕೊಂಡು ಹೋಗು.’

ಇಲ್ಲಿ ಉಳಿದಿರುವುದು ಮೂರೇ ಲಕ್ಷಣಗಳು: ‘ಮನೆಯಲ್ಲಿ’ ಎಂಬುದಕ್ಕೆ ‘ಮನ್ಯಾಗ’, ‘ಎಣ್ಣೆ’ ‘ಮಳೆ’ಗಳ ಕೊನೆಯ ಎಕಾರ ಇಕಾರವಾಗುವುದು, ಮತ್ತು ‘ಬರಾಕತ್ತೈತಿ’ ಎಂಬ ಕ್ರಿಯಾರೂಪ. ತಾಯಿಯ ಊರು ಗೊತ್ತಾಗಲು ಇಷ್ಟು ಸಾಕು. ಬೇಗ ಮಾತನಾಡುವಾಗ ಪದಗಳು ಒಂದಕ್ಕೊಂದು ಅಂಟಿಕೊಳ್ಳುವುದು ಎಲ್ಲ ಊರಿನ ಕನ್ನಡದಲ್ಲಿಯೂ ಇದೆ. ಅದನ್ನು ಇವಳೊಬ್ಬಳ ಬಾಯಲ್ಲಿ ಮಾತ್ರ ಬರೆದು ತೋರಿಸುವ ಅಗತ್ಯವಿಲ್ಲ. ಆರಿಸಿಕೊಂಡ ಲಕ್ಷಣಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡು ಕೊನೆಯ ಅಧ್ಯಾಯದವರೆಗೂ ಬಿಡದೆ ಪಾಲಿಸಿ. ಐದನೆಯ ಪುಟದಲ್ಲಿ ‘ಮನ್ಯಾಗ’, ಐವತ್ತನೆಯ ಪುಟದಲ್ಲಿ ‘ಮನೇಲಿ’ ಎಂದಾದರೆ ಓದುಗನಿಗೆ ಬೇರೆ ಯಾರೋ ಮಾತನಾಡಿದಂತೆ ಅನಿಸುತ್ತದೆ.

ಇದೇ ಮಾತಿನಲ್ಲಿ ಇನ್ನೂ ಎರಡು ತೊಡಕುಗಳಿವೆ. ತಾಯಿ ಮಗನನ್ನು ‘ತಮ್ಮಾ’ ಎಂದು ಕರೆಯುವುದು ಆ ಕಡೆ ಸಹಜ, ಆದರೆ ಮೈಸೂರಿನ ಓದುಗ ಅವರನ್ನು ಅಕ್ಕ ತಮ್ಮ ಎಂದುಕೊಳ್ಳಬಹುದು. ಕರೆಯುವ ರೀತಿಯನ್ನು ಬದಲಿಸದೆ, ಮಾತಿಗೆ ಮೊದಲೇ ನಿರೂಪಣೆಯಲ್ಲಿ ‘ಮಗ’ ಎಂಬ ಪದವನ್ನು ತಂದುಬಿಡಿ. ‘ಕೊಪ್ಪಿ’ ಕೂಡ ಎಲ್ಲರಿಗೂ ಗೊತ್ತಿರಲಾರದು. ಅಡಿಟಿಪ್ಪಣಿ ಬೇಡ, ಮಾತಿನ ಬೆನ್ನಿಗೇ ‘ಮಗ ಗೋಣಿಚೀಲವನ್ನು ಮಡಚಿ ತಲೆಯ ಮೇಲೆ ಹಾಕಿಕೊಂಡು ಅಂಗಳಕ್ಕೆ ಇಳಿದ’ ಎಂದು ಬರೆಯಿರಿ. ಕಥೆ ನಿಲ್ಲದೆ ಅರ್ಥ ತಿಳಿಯುತ್ತದೆ.

ಗೇಲಿ ನುಸುಳುವುದು ಯಾರಿಗೆ ಯಾವ ಮಾತು ಕೊಟ್ಟಿರಿ ಎಂಬಲ್ಲಿ. ತಹಶೀಲ್ದಾರರು ಅಚ್ಚಿನ ಕನ್ನಡದಲ್ಲಿ ‘ನಾನು ಬರುತ್ತೇನೆ’ ಎಂದು, ಜವಾನ ಮಾತ್ರ ‘ಬರ್ತೇನ್ರಿ’ ಎಂದರೆ, ಆಡುಮಾತು ಬಡವರಿಗೆ ಹಚ್ಚಿದ ಗುರುತಾಗುತ್ತದೆ. ಆ ತಹಶೀಲ್ದಾರರೂ ಯಾವುದೋ ಊರಿನವರೇ. ಮಂಗಳೂರಿನವರಾದರೆ ಅವರ ಬಾಯಲ್ಲಿ ‘ಉಂಟು’ ಬರಲಿ. ಜವಾನನಿಗೂ ಸಿಟ್ಟು, ದುಃಖ, ವಾದ ಎಲ್ಲವೂ ಅವನ ಕನ್ನಡದಲ್ಲಿಯೇ ಇರಲಿ. ಆಡುಮಾತಿನ ಪಾತ್ರ ನಗಿಸುವುದಕ್ಕೆ ಮಾತ್ರ ಬರುತ್ತಿದ್ದರೆ ತಪ್ಪು ಬರೆದವರದು. ನಗು ಬರುವ ಸಾಲನ್ನು ಶಿಷ್ಟ ಕನ್ನಡಕ್ಕೆ ತಿರುಗಿಸಿ ಓದಿ. ಆಗಲೂ ನಗು ಉಳಿದರೆ ಅದು ಪಾತ್ರದ ಚುರುಕುತನ. ಉಳಿಯದಿದ್ದರೆ ನೀವು ನಕ್ಕಿದ್ದು ಅವನ ಉಚ್ಚಾರಣೆಗೆ. ಆ ಸಾಲನ್ನು ಹೊಡೆದುಹಾಕಿ.

ಕೊನೆಗೆ ಹಸ್ತಪ್ರತಿಯನ್ನು ಇಬ್ಬರಿಗೆ ಕೊಡಿ. ಒಬ್ಬರು ಆ ಊರಿನವರಾಗಿರಲಿ, ಇನ್ನೊಬ್ಬರು ಆ ಕಡೆ ಕಾಲಿಡದವರು. ಮೊದಲನೆಯವರು ಸಂಭಾಷಣೆಯನ್ನು ಗಟ್ಟಿಯಾಗಿ ಓದಲಿ. ಅವರು ತಡವರಿಸಿದಲ್ಲಿ, ಅಥವಾ ಅರಿವಿಲ್ಲದೆ ಪದವನ್ನು ಬದಲಿಸಿ ಓದಿದಲ್ಲಿ, ಗುರುತು ಹಾಕಿಕೊಳ್ಳಿ. ಅವರು ಬದಲಿಸಿದ ರೂಪವೇ ಬಹುಮಟ್ಟಿಗೆ ಸರಿಯಾದದ್ದು. ಎರಡನೆಯವರು ಮನಸ್ಸಿನಲ್ಲಿಯೇ ಓದಿ, ಹಿಂದಿರುಗಿ ಓದಬೇಕಾದ ಸಾಲುಗಳಿಗೆ ಗೆರೆ ಹಾಕಲಿ. ಇಬ್ಬರ ಅಭಿಪ್ರಾಯವೂ ಹೊಂದದ ಕಡೆ ಕ್ರಿಯಾರೂಪವನ್ನು ಊರಿನವರು ಹೇಳಿದಂತೆ ಉಳಿಸಿಕೊಳ್ಳಿ, ಕಾಗುಣಿತವನ್ನು ಮಾತ್ರ ಸಡಿಲಿಸಿ.